ಸಂಜೆ ಕ್ಲಿನಿಕ್ಕಿನ ಸಮಯಪಟ್ಟಿಯಲ್ಲಿ ಖಾಲಿ ಬಿಡಬೇಕಾದ ಜಾಗ

ಒಬ್ಬರೇ ಡಾಕ್ಟರು ಇರುವ ಸಣ್ಣ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಕರೆಯುವ ಕ್ರಮ ಎರಡು ಬಗೆಯದು. ಟೋಕನ್ ಪದ್ಧತಿಯಲ್ಲಿ ರೋಗಿಗೆ ಸಿಗುವುದು ಸರದಿಯ ಸಂಖ್ಯೆ ಮಾತ್ರ. ಹದಿನಾಲ್ಕನೆಯ ಟೋಕನ್ ಎಷ್ಟು ಹೊತ್ತಿಗೆ ಬಂದೀತೆಂದು ಹೇಳುವವರಿಲ್ಲದ ಕಾರಣ ಎಲ್ಲರೂ ಬಾಗಿಲು ತೆರೆಯುವ ಮೊದಲೇ ಬಂದು ಕೂರುತ್ತಾರೆ. ಅಪಾಯಿಂಟ್‌ಮೆಂಟ್ ಪದ್ಧತಿಯಲ್ಲಿ ಗಂಟೆಯನ್ನೇ ಹಂಚಿಕೊಡಲಾಗುತ್ತದೆ. ಆದರೆ ಹಂಚಿದ ಗಂಟೆ ನಿಜವಾಗಬೇಕಾದರೆ, ಸ್ವಲ್ಪ ಸಮಯವನ್ನು ಯಾರಿಗೂ ಹಂಚದೆ ಉಳಿಸಿಕೊಳ್ಳಬೇಕು.

ಮೊದಲ ಕೆಲಸ ಅಳತೆ. ಎರಡು ವಾರ ಪ್ರತಿ ರೋಗಿ ಒಳಗೆ ಹೋದ ಮತ್ತು ಹೊರಬಂದ ಸಮಯವನ್ನು ರಿಜಿಸ್ಟರಿನಲ್ಲಿ ಬರೆದಿಟ್ಟರೆ, ಒಬ್ಬರಿಗೆ ಸರಾಸರಿ ಎಷ್ಟು ನಿಮಿಷ ಬೇಕೆಂಬುದು ಗೊತ್ತಾಗುತ್ತದೆ. ಅದು 10 ನಿಮಿಷ ಎಂದಿಟ್ಟುಕೊಳ್ಳಬಹುದು. ಕ್ಲಿನಿಕ್ಕು ಸಂಜೆ 5:30ರಿಂದ 8:30ರವರೆಗೆ ತೆರೆದಿದ್ದರೆ 18 ಜನರಿಗೆ ಸಮಯ ಕೊಡಬಹುದು ಎಂಬ ಲೆಕ್ಕ ಕೂಡಲೇ ಹೊಳೆಯುತ್ತದೆ. ತಪ್ಪುವುದು ಇಲ್ಲಿಯೇ. ಸರಾಸರಿ 10 ನಿಮಿಷವಾದರೂ ಶುಗರ್ ಮಾತ್ರೆ ಮುಂದುವರಿಸಲು ಬಂದವರು 6 ನಿಮಿಷದಲ್ಲಿ ಹೊರಬರುತ್ತಾರೆ, ಹೊಸ ಕಾಯಿಲೆಯ ವಯಸ್ಸಾದವರಿಗೆ 20 ನಿಮಿಷ ಹಿಡಿಯುತ್ತದೆ. ಬೇಗ ಮುಗಿದಾಗ ಮುಂದಿನವರು ಇನ್ನೂ ಬಂದಿರದಿದ್ದರೆ ಉಳಿದ ನಿಮಿಷಗಳು ಕೈತಪ್ಪಿ ಹೋಗುತ್ತವೆ. ತಡವಾದಾಗ ಮಾತ್ರ ಆ ತಡ ಹಿಂದಿನವರೆಲ್ಲರ ಮೇಲೂ ಬೀಳುತ್ತದೆ. ಉಳಿತಾಯ ಜಮೆಯಾಗುವುದಿಲ್ಲ, ಸಾಲ ಮಾತ್ರ ಬೆಳೆಯುತ್ತದೆ.

ಒಂದು ಗಂಟೆಯನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 5:30ರಿಂದ ಹತ್ತು ನಿಮಿಷಕ್ಕೊಬ್ಬರಂತೆ ಆರು ಜನರಿಗೆ ಸಮಯ ಕೊಡಲಾಗಿದೆ. ಮೊದಲನೆಯವರಿಗೆ 12 ನಿಮಿಷ, ಎರಡನೆಯವರಿಗೆ 8, ಮೂರನೆಯವರಿಗೆ 20 ನಿಮಿಷ ಹಿಡಿಯಿತು. 6 ಗಂಟೆಯ ರೋಗಿ ಒಳಗೆ ಹೋಗುವಾಗ 6:10. ಅವರದು 7 ನಿಮಿಷದಲ್ಲಿ ಮುಗಿಯಿತು. ಅಷ್ಟರಲ್ಲಿ ಜ್ವರ ಬಂದ ಮಗುವನ್ನು ಎತ್ತಿಕೊಂಡು ಹೇಳದೆ ಬಂದವರೊಬ್ಬರಿದ್ದಾರೆ. ಮಗುವಿಗೆ 10 ನಿಮಿಷ. ಹೀಗಾಗಿ 6:10ರ ರೋಗಿ 17 ನಿಮಿಷ ಕಾದು 6:27ಕ್ಕೆ ಒಳಗೆ ಹೋಗುತ್ತಾರೆ. ಅವರಿಗೆ 6, ಆರನೆಯವರಿಗೆ 9 ನಿಮಿಷ ಹಿಡಿಯುವಷ್ಟರಲ್ಲಿ ಗಡಿಯಾರ 6:42 ತೋರಿಸುತ್ತದೆ. ಒಂದು ಗಂಟೆಯಲ್ಲಿ 12 ನಿಮಿಷದ ಸಾಲ. ಮುಂದಿನ ಎರಡು ಗಂಟೆಗಳೂ ಹೀಗೆಯೇ ನಡೆದರೆ ಬಾಗಿಲು ಹಾಕುವಾಗ 9:06.

ಈಗ ಅದೇ ಗಂಟೆಯಲ್ಲಿ ನಾಲ್ವರಿಗೆ ಮಾತ್ರ ಮುಂಚಿತವಾಗಿ ಸಮಯ ಕೊಟ್ಟು, 6:10ನ್ನು ಹೇಳದೆ ಬರುವವರಿಗೆ ಮೀಸಲಿಟ್ಟು, 6:20ನ್ನು ಬರಿದೇ ಬಿಡಲಾಗಿದೆ ಎನ್ನೋಣ. ಮೊದಲ ನಾಲ್ವರು ಹಿಂದಿನಂತೆಯೇ 6:17ಕ್ಕೆ ಮುಗಿಯುತ್ತಾರೆ. ಮಗುವನ್ನು ನೋಡಿ ಕಳಿಸಿದಾಗ 6:27. 6:30ರ ರೋಗಿ ಹೇಳಿದ ಹೊತ್ತಿಗೆ ಸರಿಯಾಗಿ ಒಳಗೆ ಹೋಗುತ್ತಾರೆ. ಇಪ್ಪತ್ತು ನಿಮಿಷ ಹಿಡಿದವರಿಂದ ಆದ ತಡ ಆ ಗಂಟೆಯೊಳಗೇ ತೀರಿತು.

ಬಿಡುವನ್ನು ಎಲ್ಲಿ ಇಡಬೇಕು ಎಂಬುದೂ ಮುಖ್ಯ. ಸಂಜೆಯ ಮೊದಲ ಎರಡು ರೋಗಿಗಳ ನಂತರವೇ ಇಟ್ಟರೆ ತೀರಿಸಲು ಇನ್ನೂ ಸಾಲವೇ ಹುಟ್ಟಿರುವುದಿಲ್ಲ. ಎಲ್ಲ ಬಿಡುವನ್ನೂ ಕೊನೆಗೆ ಕೂಡಿಹಾಕಿದರೆ ಡಾಕ್ಟರು ಹೊತ್ತಿಗೆ ಮನೆ ಸೇರುತ್ತಾರೆ, ಆದರೆ 7:30ರ ರೋಗಿಗೆ ಅದರಿಂದ ಏನೂ ದಕ್ಕುವುದಿಲ್ಲ. ಪ್ರತಿ ಗಂಟೆಯ ಕೊನೆಯಲ್ಲಿ ಒಂದೊಂದು ಇರುವುದು ಒಳ್ಳೆಯದು. ತಡವೇ ಆಗದ ದಿನ ಆ ಹತ್ತು ನಿಮಿಷ ಹಾಳಾಗಬೇಕಿಲ್ಲ. ರಕ್ತಪರೀಕ್ಷೆಯ ರಿಪೋರ್ಟ್ ತೋರಿಸಲು ಬಂದವರಿಗೆ ಎರಡು ಮೂರು ನಿಮಿಷ ಸಾಕು, ಅಂಥವರನ್ನು ಆಗ ಒಳಗೆ ಕಳಿಸಬಹುದು. ಮುಂಚೆ ಬಂದು ಕೂತವರನ್ನೂ ಕರೆಯಬಹುದು.

ಈ ವ್ಯವಸ್ಥೆ ಕೆಡುವುದು ಸಾಮಾನ್ಯವಾಗಿ ಫೋನಿನಲ್ಲಿ. ಗುರುತಿನವರೊಬ್ಬರು ಮಧ್ಯಾಹ್ನವೇ ಕೇಳುತ್ತಾರೆ, 6:20 ಖಾಲಿ ಕಾಣುತ್ತದೆ, ಹೆಸರು ಬರೆದುಬಿಡುತ್ತಾರೆ. ಅದಕ್ಕೇ ಆ ಸಾಲುಗಳನ್ನು ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದು ಮುಚ್ಚಿಡಬೇಕು, ಕಂಪ್ಯೂಟರಿನಲ್ಲಾದರೆ ಬುಕಿಂಗ್‌ಗೆ ಸಿಗದಂತೆ ಮಾಡಬೇಕು. ಮೀಸಲು ಸಮಯ ಆ ಸಂಜೆ ಬಾಗಿಲಿಗೆ ಬಂದವರಿಗೆ ಮಾತ್ರ. ಅವರಿಗೂ "ಕೂತಿರಿ, ಕರೀತೀವಿ" ಎನ್ನುವ ಬದಲು "7:10ಕ್ಕೆ ನೋಡ್ತಾರೆ" ಎಂದು ಹೇಳಿದರೆ, ಹತ್ತಿರದಲ್ಲೇ ಮನೆಯಿರುವವರು ಹೋಗಿ ಬರುತ್ತಾರೆ. ಎದೆನೋವು, ಉಸಿರಾಟದ ತೊಂದರೆಯಂಥವು ಈ ಲೆಕ್ಕಕ್ಕೇ ಸೇರುವುದಿಲ್ಲ. ಅವರು ನೇರ ಒಳಗೆ.

ತಡವಾಗಿ ಬರುವವರ ವಿಷಯದಲ್ಲಿ ಮೊದಲು ಕೇಳಬೇಕಾದದ್ದು, ಅವರು ನಿಜಕ್ಕೂ ತಡವೇ ಎಂಬುದು. ಮೇಲಿನ ಉದಾಹರಣೆಯಲ್ಲಿ 6 ಗಂಟೆಯ ರೋಗಿ 6:08ಕ್ಕೆ ಬಂದಿದ್ದರೂ ಯಾರಿಗೂ ನಷ್ಟವಿರಲಿಲ್ಲ, ಡಾಕ್ಟರೇ ಹತ್ತು ನಿಮಿಷ ಹಿಂದಿದ್ದರು. ಹತ್ತು ನಿಮಿಷದೊಳಗೆ ಬಂದವರನ್ನು ಒಳಗಿರುವವರ ನಂತರ ಕಳಿಸಿದರೆ ಸಾಕು. ಅದಕ್ಕಿಂತ ತಡವಾದರೆ ಮುಂದಿನ ಮೀಸಲು ಸಮಯ ಅಥವಾ ಬಿಡುವು ಅವರದು. 5:40ರವರು 6:05ಕ್ಕೆ ಬಂದರೆ, 6:10 ಆಗಲೇ ಮಗುವಿಗೆ ಹೋಗಿರುವುದರಿಂದ ಅವರಿಗೆ 6:20. ಸಂಜೆಯ ಕೊನೆಗೆ ತಳ್ಳುವುದು ಶಿಕ್ಷೆಯಾಗುತ್ತದೆ, ಹೊತ್ತಿಗೆ ಬಂದವರಿಗಿಂತ ಮುಂದೆ ಕಳಿಸುವುದು ಅನ್ಯಾಯವಾಗುತ್ತದೆ. ಬಾರದವರಿಗಾಗಿ ಡಾಕ್ಟರು ಸುಮ್ಮನೆ ಕೂರುವುದಂತೂ ಸಲ್ಲದು. ಹೊರಗೆ ಯಾರಿದ್ದರೂ ಅವರನ್ನು ಕರೆಯಬೇಕು.

ಸಂಜೆಯ ಮೊದಲ ರೋಗಿಯೇ ತಡಮಾಡಿದರೆ ಹೊರಗೆ ಬೇರೆ ಯಾರೂ ಇರುವುದಿಲ್ಲ. ಇದಕ್ಕೆ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೇಯ್ಲಿ 1952ರಲ್ಲೇ ದಾರಿ ತೋರಿದ್ದರು. ಆಸ್ಪತ್ರೆಗಳ ಹೊರರೋಗಿ ವಿಭಾಗಗಳ ಸರದಿಯನ್ನು ಲೆಕ್ಕ ಹಾಕಿ ಅವರು ಹೇಳಿದ ಕ್ರಮ ಸರಳ: ಆರಂಭದಲ್ಲಿ ಇಬ್ಬರನ್ನು ಕರೆಯುವುದು, ಆಮೇಲೆ ಸರಾಸರಿ ತಪಾಸಣೆಗೆ ಬೇಕಾದಷ್ಟು ಅಂತರದಲ್ಲಿ ಒಬ್ಬೊಬ್ಬರನ್ನು. ಇಬ್ಬರಲ್ಲಿ ಒಬ್ಬರು ಸ್ವಲ್ಪ ಕಾಯಬೇಕಾದೀತು, ಆದರೆ ಇಡೀ ಸಂಜೆ ತಡದಿಂದ ಶುರುವಾಗುವುದಿಲ್ಲ.

ಹಳ್ಳಿಯಿಂದ ಬರುವವರ ತಡಕ್ಕೆ ಬಹುತೇಕ ಬಸ್ಸೇ ಕಾರಣ. 5:45ಕ್ಕೆ ನಿಲ್ದಾಣ ಮುಟ್ಟುವ ಬಸ್ಸಿನಲ್ಲಿ ಬರುವವರಿಗೆ 5:40 ಬರೆದುಕೊಟ್ಟರೆ ತಪ್ಪು ಬರೆದವರದು. ಫೋನಿನಲ್ಲಿ "ಯಾವ ಬಸ್ಸಿಗೆ ಬರ್ತೀರಿ, ವಾಪಸ್ ಯಾವುದಕ್ಕೆ ಹೋಗಬೇಕು" ಎಂದು ಕೇಳಿ ಸಮಯ ಕೊಡುವುದು ಇದಕ್ಕಿರುವ ಒಳ್ಳೆಯ ಪರಿಹಾರ.

ಪಟ್ಟಿ ಸರಿಯಿದೆಯೇ ಎಂದು ತಿಳಿಯಲು 5:30, 6:30, 7:30ರ ರೋಗಿಗಳು ನಿಜವಾಗಿ ಒಳಗೆ ಹೋದ ಸಮಯವನ್ನು ಒಂದು ವಾರ ಗುರುತಿಟ್ಟರೆ ಸಾಕು. ತಡ ಗಂಟೆಯಿಂದ ಗಂಟೆಗೆ ಬೆಳೆಯುತ್ತಿದ್ದರೆ ಬಿಡುವು ಸಾಲದು. ಸೋಮವಾರ ಮಾತ್ರ ಬೆಳೆಯುತ್ತಿದ್ದರೆ ಆ ದಿನಕ್ಕೆ ಮೀಸಲು ಸಮಯ ಹೆಚ್ಚಿಸಬೇಕು. 5:30ಕ್ಕೇ ಇಪ್ಪತ್ತು ನಿಮಿಷ ತಡವಿದ್ದು ಕೊನೆಯವರೆಗೂ ಅಷ್ಟೇ ಉಳಿದರೆ, ದೋಷ ಪಟ್ಟಿಯದಲ್ಲ, ಡಾಕ್ಟರು ಬರುವ ಹೊತ್ತಿನದು.

ಬಿಡುವು ಇಲ್ಲದ ಸಮಯವನ್ನು ಹುಟ್ಟಿಸಲಾರದು. ಮೇಲಿನ ಪಟ್ಟಿಯಲ್ಲಿ ಒಂದು ಸಂಜೆಗೆ 12 ಅಪಾಯಿಂಟ್‌ಮೆಂಟ್, ಹೇಳದೆ ಬರುವ ಮೂವರು, ಒಟ್ಟು 15 ಜನ. ದಿನವೂ 21 ಜನ ಬರುವ ಕ್ಲಿನಿಕ್ಕಿಗೆ ಮೂರು ಗಂಟೆ ಯಾವ ಜೋಡಣೆಯಲ್ಲೂ ಸಾಲುವುದಿಲ್ಲ. ಅಲ್ಲಿ 4:30ಕ್ಕೇ ಬಾಗಿಲು ತೆರೆಯಬೇಕು, ಇಲ್ಲವೇ ಕೆಲವರಿಗೆ ಮರುದಿನದ ಸಮಯ ಕೊಡಬೇಕು.