ದಾಸ್ತಾನಿನ ಅಂಕಿ ತಿದ್ದಲು ಮಾಲೀಕರ ಒತ್ತಡ: ಲೆಕ್ಕಿಗರು ಅನುಸರಿಸಬೇಕಾದ ಕ್ರಮ

ಲೆಕ್ಕಪತ್ರಗಳ ಅಂಕಿ ಅಂಶಗಳನ್ನು ಬದಲಿಸುವ ಒತ್ತಡ ಮಾರ್ಚ್ ತಿಂಗಳ ಕೊನೆಯಲ್ಲಿ ಮಾತ್ರ ಬರುತ್ತದೆ ಎಂಬ ಭಾವನೆ ವ್ಯಾಪಾರಿಗಳಲ್ಲಿ ಸಾಮಾನ್ಯವಾಗಿದೆ. ಆದರೆ ಸಣ್ಣ ಉದ್ದಿಮೆಗಳಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬ್ಯಾಂಕಿಗೆ ತಿಂಗಳ ದಾಸ್ತಾನು ಪಟ್ಟಿ, ಅಂದರೆ ಸ್ಟಾಕ್ ಸ್ಟೇಟ್‌ಮೆಂಟ್, ಸಲ್ಲಿಸುವ ದಿನ. ಕ್ಯಾಶ್ ಕ್ರೆಡಿಟ್ ಖಾತೆಯಿಂದ ಎಷ್ಟು ಹಣ ತೆಗೆಯಬಹುದೆಂಬುದು ಆ ಪಟ್ಟಿಯನ್ನು ಅವಲಂಬಿಸಿರುತ್ತದೆ. ಪಟ್ಟಿಯನ್ನು ಬರೆಯುವವರು ಲೆಕ್ಕಿಗರು. ಹಣದ ತುರ್ತು ಇರುವವರು ಮಾಲೀಕರು. ಸವಣೂರು, ಕಡಬ, ಪುತ್ತೂರು ಪರಿಸರದಲ್ಲಿ ಇವರಿಬ್ಬರೂ ಬಹುತೇಕ ಒಂದೇ ಊರಿನವರು, ಕೆಲವೊಮ್ಮೆ ಬಂಧುಗಳೂ ಆಗಿರುವುದರಿಂದ ‘ಆಗದು’ ಎಂದು ಹೇಳುವುದು ಇನ್ನಷ್ಟು ಕಷ್ಟ.

ವಿಷಯ ಸ್ಪಷ್ಟವಾಗಲು ಸವಣೂರು ಭಾಗದ ಒಂದು ಗೇರುಬೀಜ ಸಂಸ್ಕರಣ ಘಟಕವನ್ನು ಕಲ್ಪಿಸಿಕೊಳ್ಳಬಹುದು. ಏಪ್ರಿಲ್ 1ರಂದು ಅಲ್ಲಿ 10 ಟನ್ ಕಚ್ಚಾ ಬೀಜ ಹಾಗೂ 1 ಟನ್ ತಿರುಳು ಇತ್ತು. ಹಂಗಾಮಿನಲ್ಲಿ 90 ಟನ್ ಕಚ್ಚಾ ಬೀಜ ಖರೀದಿಯಾಯಿತು. ಸೆಪ್ಟೆಂಬರ್ 30ರವರೆಗೆ 80 ಟನ್ ಬೀಜವನ್ನು ಒಡೆದು 20 ಟನ್ ತಿರುಳು ತೆಗೆಯಲಾಯಿತು; ಅಂದರೆ ಇಳುವರಿ ಶೇಕಡಾ 25. ಅದರಲ್ಲಿ ಹಿಂದಿನ ತಿರುಳೂ ಸೇರಿ 18.5 ಟನ್ ಮಾರಾಟವಾಯಿತು. ಗೋದಾಮಿನಲ್ಲಿ ಉಳಿಯಬೇಕಾದದ್ದು 20 ಟನ್ ಕಚ್ಚಾ ಬೀಜ ಮತ್ತು 2.5 ಟನ್ ತಿರುಳು. ಕಚ್ಚಾ ಬೀಜದ ವೆಚ್ಚ ಕಿಲೋಗೆ 120 ರೂಪಾಯಿ, ತಿರುಳಿನ ತಯಾರಿಕಾ ವೆಚ್ಚ ಕಿಲೋಗೆ 600 ರೂಪಾಯಿ ಎಂದು ಹಿಡಿದರೆ ಒಟ್ಟು ದಾಸ್ತಾನಿನ ಮೌಲ್ಯ 24 ಲಕ್ಷ ಮತ್ತು 15 ಲಕ್ಷ ಸೇರಿ 39 ಲಕ್ಷ ರೂಪಾಯಿ. ಸರಬರಾಜುದಾರರಿಗೆ ಬಾಕಿ ಇಲ್ಲ ಹಾಗೂ ಬ್ಯಾಂಕು ಶೇಕಡಾ 25ರಷ್ಟು ಅಂತರ ಇರಿಸಿಕೊಳ್ಳುತ್ತದೆ ಎಂದಾದರೆ, ಖಾತೆಯಿಂದ ತೆಗೆಯಬಹುದಾದ ಮೊತ್ತ 29.25 ಲಕ್ಷ ರೂಪಾಯಿ. ಆದರೆ ಖಾತೆಯಲ್ಲಿ ಈಗಾಗಲೇ 40 ಲಕ್ಷ ರೂಪಾಯಿ ಸಾಲ ನಿಂತಿದೆ.

ಇಲ್ಲಿ ಮಾಲೀಕರ ಮಾತು ಬರುತ್ತದೆ: “ತಿರುಳು ಎರಡೂವರೆ ಟನ್ ಅಲ್ಲ, ಐದೂವರೆ ಅಂತ ಬರೆಯಿರಿ ಮಾರಾಯ್ರೆ. ಮುಂದಿನ ತಿಂಗಳು ಸರಿ ಮಾಡುವ.” ಮೂರು ಟನ್ ಹೆಚ್ಚು ಬರೆದರೆ ದಾಸ್ತಾನು 57 ಲಕ್ಷಕ್ಕೆ ಏರುತ್ತದೆ, ತೆಗೆಯಬಹುದಾದ ಮೊತ್ತ 42.75 ಲಕ್ಷವಾಗುತ್ತದೆ, ಬ್ಯಾಂಕಿನಿಂದ ದೂರವಾಣಿ ಕರೆ ಬರುವುದಿಲ್ಲ. ಲೆಕ್ಕಿಗರು ಹಿಂಜರಿದರೆ ಮಾಲೀಕರು ಒಂದು ಕಾರಣವನ್ನೂ ಕೊಡಬಹುದು: “ಈ ವರ್ಷ ಬೀಜ ಒಳ್ಳೆಯದಿತ್ತು, ಇಳುವರಿ ಹೆಚ್ಚು ಬಂದಿದೆ.”

ವೃತ್ತಿಪರ ಸಂಶಯದೃಷ್ಟಿ ಎಂಬ ಮಾತಿನ ಅರ್ಥ ತಿಳಿಯುವುದು ಈ ಉತ್ತರವನ್ನು ಲೆಕ್ಕಿಗರು ಹೇಗೆ ಸ್ವೀಕರಿಸುತ್ತಾರೆ ಎಂಬುದರಲ್ಲಿ. ಭಾರತೀಯ ಲೆಕ್ಕ ಪರಿಶೋಧಕರ ಸಂಸ್ಥೆಯ ಲೆಕ್ಕ ಪರಿಶೋಧನಾ ಮಾನದಂಡ 200 ಇದನ್ನು ವಿವರಿಸುವಾಗ ಮೂರು ಅಂಶಗಳನ್ನು ಹೇಳುತ್ತದೆ: ಪ್ರಶ್ನಿಸುವ ಮನಸ್ಸು, ತಪ್ಪು ಅಥವಾ ವಂಚನೆಯ ಸಾಧ್ಯತೆಯನ್ನು ಸೂಚಿಸುವ ಸಂಗತಿಗಳ ಬಗ್ಗೆ ಎಚ್ಚರ, ದೊರೆತ ಸಾಕ್ಷ್ಯದ ವಿಮರ್ಶಾತ್ಮಕ ಪರಿಶೀಲನೆ. ಮಾಲೀಕರು ಸುಳ್ಳು ಹೇಳುತ್ತಿದ್ದಾರೆಂದು ಮೊದಲೇ ನಿರ್ಧರಿಸುವುದು ಇದರಲ್ಲಿ ಸೇರಿಲ್ಲ; ಅವರು ದೊಡ್ಡ ಮನುಷ್ಯರು, ಸುಳ್ಳು ಹೇಳಲಾರರು ಎಂದು ನಿರ್ಧರಿಸುವುದೂ ಸೇರಿಲ್ಲ. ಮಾನದಂಡವು ಲೆಕ್ಕ ಪರಿಶೋಧಕರಿಗಾಗಿ ರಚಿತವಾದದ್ದಾದರೂ, ಅಂಗಡಿಯ ಲೆಕ್ಕ ಬರೆಯುವ ಗುಮಾಸ್ತರಿಗೂ ಈ ವಿಧಾನ ಉಪಯುಕ್ತ.

ಮೂರು ಟನ್ ಹೆಚ್ಚು ತಿರುಳು ನಿಜವಾಗಿಯೂ ಬಂದಿದ್ದರೆ 80 ಟನ್ ಬೀಜದಿಂದ 23 ಟನ್ ದೊರೆತಿರಬೇಕು. ಇಳುವರಿ ಶೇಕಡಾ 28.75 ಆಗುತ್ತದೆ. ಉತ್ತಮ ಬೀಜಕ್ಕೆ ಇದು ಅಸಾಧ್ಯವಾದ ಅಂಕಿಯೇನೂ ಅಲ್ಲ. ಆದ್ದರಿಂದ ಮಾಲೀಕರ ಮಾತನ್ನು ತಳ್ಳಿಹಾಕುವಂತಿಲ್ಲ, ಪರೀಕ್ಷಿಸಬೇಕು. ಅದೃಷ್ಟವಶಾತ್ ಗೇರುಬೀಜದ ಕೆಲಸದಲ್ಲಿ ಪ್ರತಿ ಹಂತವೂ ತೂಕದ ಗುರುತು ಬಿಟ್ಟುಹೋಗುತ್ತದೆ. ಪೊರೆ ತೆಗೆಯುವ ಕೆಲಸಗಾರರಿಗೆ ಕಿಲೋ ಲೆಕ್ಕದಲ್ಲಿ ಮಜೂರಿ ಕೊಡುವ ಘಟಕವಾದರೆ, ಆರು ತಿಂಗಳ ಮಜೂರಿ ಪುಸ್ತಕವನ್ನು ಕೂಡಿಸಿದರೆ ಸಾಕು. ಅಲ್ಲಿ 20 ಟನ್ನಿಗೆ ಮಜೂರಿ ಪಾವತಿಯಾಗಿದ್ದು, ಪಟ್ಟಿಯಲ್ಲಿ 23 ಟನ್ ಇದ್ದರೆ, ಉಳಿದ ಮೂರು ಟನ್ನಿನ ಪೊರೆಯನ್ನು ಯಾರು ತೆಗೆದರು ಎಂಬ ಪ್ರಶ್ನೆ ಏಳುತ್ತದೆ. ಮಾರಿದ ಸಿಪ್ಪೆಯ ತೂಕವೂ ಉಪಯುಕ್ತ. ತಿರುಳು ಹೆಚ್ಚಿದ್ದರೆ ಸಿಪ್ಪೆಯ ಪಾಲು ಕಡಿಮೆಯಾಗಬೇಕು. ಎಲ್ಲಕ್ಕಿಂತ ನೇರವಾದದ್ದು ಎಣಿಕೆ. ತಿರುಳನ್ನು ವಾಡಿಕೆಯಂತೆ 25 ಪೌಂಡಿನ, ಅಂದರೆ 11.34 ಕಿಲೋಗಳ ಡಬ್ಬಗಳಲ್ಲಿ ತುಂಬಿದ್ದರೆ ಮೂರು ಟನ್ ಎಂದರೆ ಸುಮಾರು 265 ಡಬ್ಬಗಳು. ಅಷ್ಟು ಡಬ್ಬಗಳು ಗೋದಾಮಿನಲ್ಲಿ ಇರುತ್ತವೆ ಅಥವಾ ಇರುವುದಿಲ್ಲ. ಎಣಿಸುವಾಗ ಗೋದಾಮಿನವರು ಜೊತೆಗಿದ್ದು ಹಾಳೆಗೆ ಸಹಿ ಹಾಕುವುದು, ಒಂದೆರಡು ಡಬ್ಬಗಳನ್ನು ತೆರೆದು ನೋಡುವುದು ಒಳ್ಳೆಯ ಪದ್ಧತಿ. ಖಾಲಿ ಡಬ್ಬಗಳನ್ನು ಹಿಂದಿನ ಸಾಲಿನಲ್ಲಿ ಜೋಡಿಸಿಟ್ಟರೆ ದೂರದಿಂದ ನೋಡುವವರಿಗೆ ತಿಳಿಯದು.

ಮಜೂರಿ, ಸಿಪ್ಪೆ, ಎಣಿಕೆ ಮೂರೂ 2.5 ಟನ್ನನ್ನೇ ತೋರಿಸಿದಾಗ ‘ಇಳುವರಿ ಹೆಚ್ಚು’ ಎಂಬ ವಿವರಣೆ ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ಅದು ಅಭಿಪ್ರಾಯಭೇದ. ಅಲ್ಲಿಂದ ಮುಂದೆ ಇಲ್ಲದ ಸರಕನ್ನು ಇದೆ ಎಂದು ಬರೆಯುವುದು ಬ್ಯಾಂಕಿಗೆ ಮಾಡುವ ವಂಚನೆ. ಇವೆರಡರ ನಡುವಿನ ಗೆರೆಯನ್ನು ಲೆಕ್ಕಿಗರು ಗುರುತಿಸಬೇಕು. ಹಳೆಯ ಬಾಕಿಯಲ್ಲಿ ಎಷ್ಟು ವಸೂಲಾಗದು ಎಂಬಂಥ ಅಂದಾಜುಗಳಲ್ಲಿ ಮಾಲೀಕರ ಅನುಭವಕ್ಕೆ ಬೆಲೆಯಿದೆ, ಅಲ್ಲಿ ಲೆಕ್ಕಿಗರು ಹಟ ಹಿಡಿಯಬೇಕಾಗಿಲ್ಲ. ಡಬ್ಬಗಳ ಸಂಖ್ಯೆಯಲ್ಲಿ ಅಂತಹ ಅವಕಾಶವಿಲ್ಲ.

‘ಮುಂದಿನ ತಿಂಗಳು ಸರಿ ಮಾಡುವ’ ಎಂಬ ಮಾತು ಏಕೆ ನಡೆಯುವುದಿಲ್ಲ ಎಂಬುದನ್ನೂ ಮಾಲೀಕರಿಗೆ ವಿವರಿಸಬೇಕು. ಸೆಪ್ಟೆಂಬರಿನ ಅಂತಿಮ ದಾಸ್ತಾನು ಅಕ್ಟೋಬರಿನ ಆರಂಭಿಕ ದಾಸ್ತಾನಾಗುತ್ತದೆ. ಸರಿಪಡಿಸಬೇಕಾದರೆ ಮೂರು ಟನ್ ಒಮ್ಮೆಲೇ ಮಾಯವಾಗಬೇಕು. ಮಾರಾಟವೆಂದು ತೋರಿಸಿದರೆ ಜಿ.ಎಸ್.ಟಿ. ವಿವರಪಟ್ಟಿಯಲ್ಲಿ ಇಲ್ಲದ ಗಿರಾಕಿ ಹುಟ್ಟಬೇಕು. ಏನೂ ಮಾಡದೆ ಮಾರ್ಚ್ 31ರವರೆಗೆ ಒಯ್ದರೆ ಲಾಭ 18 ಲಕ್ಷ ಹೆಚ್ಚಾಗಿ, ಗಳಿಸದ ಲಾಭಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. ಘಟಕವು ಕಂಪನಿಯಾಗಿ ನೋಂದಣಿಯಾಗಿದ್ದರೆ, 2023ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಅದರ ಲೆಕ್ಕದ ಸಾಫ್ಟ್‌ವೇರ್ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಆ ದಾಖಲೆಯನ್ನು ನಿಲ್ಲಿಸುವಂತಿಲ್ಲ. ತಿದ್ದಿದ ಅಂಕಿಯ ಹಿಂದೆ ಮೊದಲಿನ ಅಂಕಿ ಉಳಿದೇ ಇರುತ್ತದೆ.

ನಿರಾಕರಣೆಯಷ್ಟನ್ನೇ ಹೊತ್ತು ಹೋಗುವ ಲೆಕ್ಕಿಗರಿಗಿಂತ ದಾರಿ ತೋರಿಸುವ ಲೆಕ್ಕಿಗರ ಮಾತಿಗೆ ಬೆಲೆ ಹೆಚ್ಚು. ಈ ಘಟಕದಲ್ಲಿ ಕೊರತೆ 10.75 ಲಕ್ಷ ರೂಪಾಯಿ. ಅದಕ್ಕೆ ಕಾರಣ ಹುಡುಕಿದಾಗ, ಎರಡು ತಿಂಗಳ ಹಿಂದೆ ಮಾರಿದ ಮಾಲಿಗೆ ಹೊರ ಊರಿನ ಒಬ್ಬ ಸಗಟು ವ್ಯಾಪಾರಿಯಿಂದ 16 ಲಕ್ಷ ರೂಪಾಯಿ ಬಾಕಿ ಇದೆ ಎಂದು ತಿಳಿಯಿತೆನ್ನೋಣ. ಬ್ಯಾಂಕಿನ ಮಂಜೂರಾತಿ ಪತ್ರದಲ್ಲಿ ಬರಬೇಕಾದ ಬಾಕಿಯ ಮೇಲೂ ಸಾಲ ಪಡೆಯಲು ಅವಕಾಶವಿದ್ದು, ಅದಕ್ಕೆ ಶೇಕಡಾ 40ರ ಅಂತರವಿದ್ದರೆ 9.60 ಲಕ್ಷ ದೊರೆಯುತ್ತದೆ. ಮಾಲೀಕರು ಹೊಂದಿಸಬೇಕಾದದ್ದು 1.15 ಲಕ್ಷ ಮಾತ್ರ. ಮಂಜೂರಾತಿಯಲ್ಲಿ ಅವಕಾಶವಿಲ್ಲದಿದ್ದರೆ ನಿಜವಾದ ಪಟ್ಟಿ ಮತ್ತು ಬಾಕಿಯ ಬಿಲ್ಲುಗಳೊಂದಿಗೆ ತಾತ್ಕಾಲಿಕ ಹೆಚ್ಚುವರಿ ಮಿತಿ ಕೇಳಬಹುದು. ಬ್ಯಾಂಕು ಒಪ್ಪಲೇಬೇಕೆಂದಿಲ್ಲ, ಆದರೆ ಕೇಳಿದ ಕಾರಣಕ್ಕೆ ಯಾರೂ ಅಪರಾಧಿಯಾಗುವುದಿಲ್ಲ.

ಇಷ್ಟಾದರೂ ಒತ್ತಡ ನಿಲ್ಲದಿದ್ದರೆ ಲೆಕ್ಕಿಗರು ಬಾಯಿಮಾತನ್ನು ಬರಹಕ್ಕೆ ತರಬೇಕು. ಎಣಿಕೆಯ ದಿನಾಂಕ, ಕಂಡ ತೂಕ, ಪಟ್ಟಿಯಲ್ಲಿ ಬರೆಯಬೇಕಾದ ಅಂಕಿ, ಇಷ್ಟನ್ನೇ ಆರೋಪದ ಒಂದು ಪದವೂ ಇಲ್ಲದೆ ಮಾಲೀಕರಿಗೆ ಸಣ್ಣ ಟಿಪ್ಪಣಿಯಾಗಿ ಕೊಟ್ಟರೆ ಎಷ್ಟೋ ಸಂದರ್ಭಗಳಲ್ಲಿ ಬೇಡಿಕೆ ಅಲ್ಲಿಗೇ ನಿಲ್ಲುತ್ತದೆ. ನಂತರದ ಹೆಜ್ಜೆ ಇತರ ಪಾಲುದಾರರು ಅಥವಾ ನಿರ್ದೇಶಕರು. ಲೆಕ್ಕ ಪರಿಶೋಧಕರು ವಿಚಾರಿಸಿದಾಗ ನಿಜವನ್ನೇ ಹೇಳಬೇಕು. ಸಂಸ್ಥೆಯ ವಿಷಯವನ್ನು ಪೇಟೆಯಲ್ಲಿ ಆಡಬಾರದು. ಚಾರ್ಟರ್ಡ್ ಅಕೌಂಟೆಂಟರಿಗಾಗಿ 2020ರ ಜುಲೈನಿಂದ ಜಾರಿಗೆ ಬಂದ ನೀತಿಸಂಹಿತೆಯಲ್ಲಿ ಇಂತಹ ಒತ್ತಡದ ಬಗ್ಗೆಯೇ ಪ್ರತ್ಯೇಕ ಭಾಗವಿದೆ. ಕೊನೆಯ ದಾರಿ ಕೆಲಸ ಬಿಡುವುದು; ಸಂಸಾರಸ್ಥರಿಗೆ ಅದು ಸುಲಭವಲ್ಲ. ಆದರೆ ‘ಧಣಿಗಳು ಹೇಳಿದರು, ಬರೆದೆ’ ಎಂಬ ಸಮಾಧಾನ ನ್ಯಾಯಾಲಯದಲ್ಲಿ ರಕ್ಷಣೆಯಾಗುವುದಿಲ್ಲ. ಹೈದರಾಬಾದಿನ ಸತ್ಯಂ ಪ್ರಕರಣದಲ್ಲಿ 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯವು ಶಿಕ್ಷೆ ವಿಧಿಸಿದ 10 ಮಂದಿಯಲ್ಲಿ ಅಧ್ಯಕ್ಷರ ಜೊತೆಗೆ ಮುಖ್ಯ ಹಣಕಾಸು ಅಧಿಕಾರಿಯೂ ಇದ್ದರು. ಮರುತಿಂಗಳು ಮೇಲ್ಮನವಿಯ ಹಂತದಲ್ಲಿ ಆ ಶಿಕ್ಷೆ ಅಮಾನತಾಯಿತು.

ಪ್ರಶ್ನೆ ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಕಾಫಿ ಡೇ ಎಂಟರ್‌ಪ್ರೈಸಸ್ ಸಂಸ್ಥೆಯ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರು 2019ರ ಜುಲೈ ಕೊನೆಯಲ್ಲಿ ನೇತ್ರಾವತಿ ನದಿಯ ಬಳಿ ಕಣ್ಮರೆಯಾಗಿ ಮೃತಪಟ್ಟ ನಂತರ ಅವರ ಹೆಸರಿನ ಪತ್ರವೊಂದು ಬಹಿರಂಗವಾಯಿತು. ತಮ್ಮ ವ್ಯವಹಾರಗಳು ಲೆಕ್ಕ ಪರಿಶೋಧಕರಿಗೆ, ಹಿರಿಯ ಅಧಿಕಾರಿಗಳಿಗೆ ತಿಳಿದಿರಲಿಲ್ಲ ಎಂದು ಅದರಲ್ಲಿತ್ತು. ಮುಂದಿನ ವರ್ಷ ಪ್ರಕಟವಾದ ತನಿಖೆಯ ಪ್ರಕಾರ, ಕುಟುಂಬಕ್ಕೆ ಸೇರಿದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಸಂಸ್ಥೆಯಿಂದ ಕಾಫಿ ಡೇಯ ಅಂಗಸಂಸ್ಥೆಗಳಿಗೆ 3,535 ಕೋಟಿ ರೂಪಾಯಿ ಬರಬೇಕಾಗಿತ್ತು. 2019ರ ಮಾರ್ಚ್ 31ರ ಲೆಕ್ಕದಲ್ಲಿ ಆ ಬಾಕಿ 842 ಕೋಟಿ ಮಾತ್ರ. ವರ್ಷಾಂತ್ಯದ ಒಂದು ದಿನದ ಅಂಕಿಯನ್ನು ನೋಡಿದವರಿಗೂ ತಿಂಗಳು ತಿಂಗಳ ಹಣದ ಓಡಾಟವನ್ನು ನೋಡಿದವರಿಗೂ ಕಾಣುವ ಚಿತ್ರ ಒಂದೇ ಆಗಿರುವುದಿಲ್ಲ. ಸೆಬಿ 2023ರ ಜನವರಿಯಲ್ಲಿ ಸಂಸ್ಥೆಗೆ 26 ಕೋಟಿ ರೂಪಾಯಿ ದಂಡ ವಿಧಿಸಿ ಆದೇಶಿಸಿತು. ಈ ಸಮೂಹದ ಸಂಸ್ಥೆಗಳ ಲೆಕ್ಕ ಪರಿಶೋಧಕರ ವಿರುದ್ಧವೂ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರವು 2023 ಮತ್ತು 2024ರಲ್ಲಿ ದಂಡದ ಆದೇಶಗಳನ್ನು ಹೊರಡಿಸಿತು. ‘ಅವರಿಗೆ ತಿಳಿದಿರಲಿಲ್ಲ’ ಎಂದು ಪತ್ರ ಹೇಳಿದ್ದರೂ, ಏಕೆ ವಿಚಾರಿಸಲಿಲ್ಲ ಎಂಬ ಪ್ರಶ್ನೆಯಿಂದ ಅವರು ಪಾರಾಗಲಿಲ್ಲ.

ಸಣ್ಣ ಘಟಕದಲ್ಲಿ ಇದೇ ಸಂಗತಿ ಮಾಲೀಕರ ಇನ್ನೊಂದು ಅಂಗಡಿಗೋ ತೋಟಕ್ಕೋ ಹೋಗುವ ಹಣದ ರೂಪದಲ್ಲಿರುತ್ತದೆ. ಮೇಲಿನ ಉದಾಹರಣೆಯಲ್ಲಿ 16 ಲಕ್ಷದ ಬಾಕಿದಾರ ಮಾಲೀಕರ ಬಂಧುವೇ ಆಗಿದ್ದರೆ, ಬಾಕಿಯ ದೃಢೀಕರಣ ಪತ್ರವನ್ನು ಮಾಲೀಕರ ಕೈಯಿಂದ ತರಿಸಿಕೊಳ್ಳದೆ ನೇರವಾಗಿ ಅವರಿಂದಲೇ ಪಡೆದು, ಮಾಲು ಸಾಗಿಸಿದ ಲಾರಿಯ ರಸೀದಿಯೊಡನೆ ತಾಳೆ ನೋಡಿದ ಮೇಲಷ್ಟೇ ಲೆಕ್ಕಿಗರು ಆ ಮೊತ್ತವನ್ನು ಬ್ಯಾಂಕಿನ ಪಟ್ಟಿಯಲ್ಲಿ ಬರೆಯಬೇಕು.