ಎಲ್ಲರಿಗೂ ಒಂದೇ ಪ್ರಶ್ನೆ: ಸಂದರ್ಶನದ ಬಗ್ಗೆ ನಾವು ನಂಬಿರುವುದು ಮತ್ತು ನಿಜ

(ನೆಲಮಂಗಲದ ಬಳಿಯ ಗೋದಾಮೊಂದರಲ್ಲಿ ಹೊಸ ಮ್ಯಾನೇಜರುಗಳಿಗೆ ಎಚ್‌ಆರ್ ಮುಖ್ಯಸ್ಥೆ ಆಡಿದ ಮಾತು)

ಮುಂದಿನ ವಾರದಿಂದ ಶಿಫ್ಟ್ ಸೂಪರ್‌ವೈಸರ್ ಹುದ್ದೆಗೆ ಬರುವವರನ್ನು ಸಂದರ್ಶನ ಮಾಡುವ ಕೆಲಸ ನಿಮ್ಮದು. ಅದರ ಜೊತೆಗೆ ಕೆಲವು ನಂಬಿಕೆಗಳೂ ನಿಮ್ಮ ಕೈಗೆ ಬರುತ್ತವೆ. ಹಿರಿಯರ ಬಾಯಲ್ಲಿ ಕೇಳಿದ್ದು ಕೆಲವು, ನೀವೇ ಕೆಲಸ ಹುಡುಕುವಾಗ ಅನುಭವಿಸಿದ್ದು ಇನ್ನು ಕೆಲವು. ಸದುದ್ದೇಶದಿಂದಲೇ ಹುಟ್ಟಿದ ಇವುಗಳಲ್ಲಿ ಹೆಚ್ಚಿನವು ಪರೀಕ್ಷಿಸಿ ನೋಡಿದಾಗ ನಿಲ್ಲುವುದಿಲ್ಲ. ಅವನ್ನು ಇವತ್ತು ಒಂದೊಂದಾಗಿ ನೋಡೋಣ.

ನಂಬಿಕೆ: ಹತ್ತು ನಿಮಿಷ ಮಾತಾಡಿಸಿದರೆ ಆಳು ಎಂಥವರು ಅಂತ ಗೊತ್ತಾಗಿಬಿಡುತ್ತದೆ

ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಗೊತ್ತಾಯಿತು ಎಂಬ ಭಾವನೆ ನಿಜವಾಗಿಯೂ ಬರುತ್ತದೆ. ಆದರೆ ಎದುರಿಗಿದ್ದವರು ಅರ್ಥವಿಲ್ಲದ ಉತ್ತರ ಕೊಟ್ಟರೂ ಅದು ಬರುತ್ತದೆ. ಅಮೆರಿಕದ ಜೇಸನ್ ಡಾನಾ, ರಾಬಿನ್ ಡಾಸ್ ಮತ್ತು ನಥಾನಿಯಲ್ ಪೀಟರ್ಸನ್ 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳು ಬೇರೆ ವಿದ್ಯಾರ್ಥಿಗಳನ್ನು ಮನಸ್ಸಿಗೆ ಬಂದಂತೆ ಪ್ರಶ್ನೆ ಕೇಳಿ ಸಂದರ್ಶಿಸಬೇಕು, ಅವರಿಗೆ ಮುಂದೆ ಎಷ್ಟು ಅಂಕ ಬರಬಹುದೆಂದು ಊಹಿಸಬೇಕು. ಉತ್ತರಿಸುವವರಲ್ಲಿ ಕೆಲವರಿಗೆ ಗುಟ್ಟಾಗಿ ಒಂದು ಸೂಚನೆ ಕೊಟ್ಟಿದ್ದರು: ಪ್ರಶ್ನೆಯ ಕೊನೆಯ ಎರಡು ಪದಗಳ ಮೊದಲ ಅಕ್ಷರ ನೋಡಿಕೊಂಡು ಹೌದು ಅಥವಾ ಇಲ್ಲ ಅನ್ನಿ. ಅಂದರೆ ಉತ್ತರಕ್ಕೂ ಆ ವ್ಯಕ್ತಿಗೂ ಸಂಬಂಧವೇ ಇಲ್ಲ. ಪ್ರಶ್ನೆ ಕೇಳಿದವರಿಗೆ ಅದು ಗೊತ್ತಾಗಲಿಲ್ಲ. ಎದುರಿನವರು ತಮಗೆ ಅರ್ಥವಾದರು ಅಂತಲೇ ಅವರು ನಂಬಿದರು. ಹಿಂದಿನ ಅಂಕಗಳನ್ನಷ್ಟೇ ನೋಡಿ ಮಾಡಿದ ಊಹೆ ಸಂದರ್ಶನ ಮಾಡಿದವರ ಊಹೆಗಿಂತ ಸತ್ಯಕ್ಕೆ ಹತ್ತಿರವಾಗಿತ್ತು.

ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಒಂದು ಲೆಕ್ಕ ಕೊಟ್ಟರು. ಸಂದರ್ಶನದ ಅಂಕ ಮುಂದಿನ ಕೆಲಸದ ಗುಣಮಟ್ಟವನ್ನು ತಪ್ಪಿಲ್ಲದೆ ಹೇಳುವಂತಿದ್ದರೆ ಅಳತೆ 1, ಏನೂ ಹೇಳದಿದ್ದರೆ 0. ತೋಚಿದ ಹಾಗೆ ಮಾತಾಡುವ ಸಂದರ್ಶನಕ್ಕೆ ಸಿಕ್ಕಿದ್ದು ಸುಮಾರು 0.19. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆಗೋಲು ಇಟ್ಟುಕೊಂಡ ಸಂದರ್ಶನಕ್ಕೆ ಸುಮಾರು 0.42. ಇದೂ 1ಕ್ಕೆ ಬಹಳ ದೂರ, ಅದನ್ನು ಮರೆಯಬೇಡಿ. ಆದರೂ ಅವರು ಹೋಲಿಸಿದ ಆಯ್ಕೆಯ ವಿಧಾನಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ನಮ್ಮ ದೇಶದ ಸುಪ್ರೀಂ ಕೋರ್ಟ್ ಇದೇ ತೊಂದರೆಯನ್ನು 1980ರಲ್ಲೇ ಗುರುತಿಸಿತ್ತು. ಅದು ಶ್ರೀನಗರದ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದ ವಿಚಾರ, ಅಜಯ್ ಹಾಸಿಯಾ ಪ್ರಕರಣ ಅಂತ ಹೆಸರು. ಲಿಖಿತ ಪರೀಕ್ಷೆಗೆ 100 ಅಂಕ, ಮೌಖಿಕಕ್ಕೆ 50. ಒಬ್ಬೊಬ್ಬರನ್ನು ಎರಡು ಮೂರು ನಿಮಿಷ ಮಾತಾಡಿಸಿ, ತಂದೆ ಯಾರು, ಮನೆ ಎಲ್ಲಿ ಎಂಬಂಥ ಪ್ರಶ್ನೆ ಕೇಳಿ ಕಳಿಸಿದರು ಎಂಬುದು ದೂರು. ಒಟ್ಟು ಅಂಕದ ಮೂರನೇ ಒಂದು ಭಾಗವನ್ನು ಅಂಥ ಸಂದರ್ಶನಕ್ಕೆ ಕೊಡುವುದು ಮನಸೋ ಇಚ್ಛೆಯ ನಡೆ ಎಂದ ನ್ಯಾಯಾಲಯ, ಶೇ 15ಕ್ಕಿಂತ ಹೆಚ್ಚು ಕೊಡುವುದು ಒಪ್ಪತಕ್ಕದ್ದಲ್ಲ ಅಂದಿತು. ಸಂದರ್ಶನವನ್ನು ಟೇಪ್‌ನಲ್ಲಿ ಮುದ್ರಿಸಿಕೊಳ್ಳಿ ಅಂತಲೂ ಸಲಹೆ ಕೊಟ್ಟಿತು. ನಾವು ಖಾಸಗಿ ಕಂಪನಿ, ಆ ಮಿತಿ ನಮಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಎರಡು ನಿಮಿಷದಲ್ಲಿ ಒಬ್ಬರ ಬದುಕು ನಿರ್ಧರಿಸುವ ಅನ್ಯಾಯ ಎಲ್ಲಿ ನಡೆದರೂ ಅನ್ಯಾಯವೇ.

ನಂಬಿಕೆ: ಬರೆದಿಟ್ಟ ಪ್ರಶ್ನೆ ಕೇಳಿದರೆ ಸಂದರ್ಶನ ಯಂತ್ರದಂತೆ ಆಗುತ್ತದೆ, ಬಂದವರಿಗೆ ಅವಮಾನ

ಹೆಚ್ಚು ಜನ ಹಿಂಜರಿಯುವುದು ಇಲ್ಲೇ. ಹೊಸ ಆಕ್ಷೇಪವೇನೂ ಅಲ್ಲ ಇದು. 1955ರ ಸುಮಾರಿಗೆ ಇಸ್ರೇಲಿ ಸೇನೆಯಲ್ಲಿದ್ದ ಡೇನಿಯಲ್ ಕಾನಮನ್, ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಹೊಸಬರನ್ನು ಸಂದರ್ಶಿಸುವ ಕ್ರಮ ಬದಲಿಸಿದರು. ಆರು ಗುಣ, ಒಂದೊಂದಕ್ಕೂ ಬೇರೆ ಬೇರೆ ಪ್ರಶ್ನೆ, ಒಂದು ಗುಣಕ್ಕೆ 1ರಿಂದ 5ರೊಳಗೆ ಅಂಕ ಬರೆದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಸಂದರ್ಶಕರು ಸಿಟ್ಟಾದರು, ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಅಂದರು. ಕಾನಮನ್ ಒಂದು ರಿಯಾಯಿತಿ ಕೊಟ್ಟರು: ಆರೂ ಅಂಕ ಬರೆದು ಮುಗಿಸಿ, ಆಮೇಲೆ ಕಣ್ಣು ಮುಚ್ಚಿ ಆ ಹುಡುಗನನ್ನು ಸೈನಿಕನಾಗಿ ಊಹಿಸಿಕೊಂಡು ನಿಮ್ಮದೇ ಒಂದು ಅಂಕ ಕೊಡಿ. ಆರು ಗುಣಗಳ ಮೊತ್ತ ಹಳೆಯ ಪದ್ಧತಿಗಿಂತ ಎಷ್ಟೋ ಚೆನ್ನಾಗಿ ಫಲ ಕೊಟ್ಟಿತು. ಕಣ್ಣು ಮುಚ್ಚಿ ಕೊಟ್ಟ ಅಂಕವೂ ಅಷ್ಟೇ ಚೆನ್ನಾಗಿ ಫಲ ಕೊಟ್ಟಿತು. ಮನಸ್ಸಿನ ತೀರ್ಪಿಗೆ ಬೆಲೆ ಇದೆ, ಆದರೆ ಎಲ್ಲವನ್ನೂ ಕೇಳಿ, ಬರೆದು, ತೂಗಿದ ಮೇಲೆ.

ನಮ್ಮ ಹುದ್ದೆಯನ್ನೇ ತೆಗೆದುಕೊಳ್ಳೋಣ. ಶಿಫ್ಟ್ ಸೂಪರ್‌ವೈಸರ್‌ಗೆ ಬೇಕಾದದ್ದು ನಾಲ್ಕು: ಎಣಿಕೆ ಮತ್ತು ದಾಖಲೆಯಲ್ಲಿ ಕಟ್ಟುನಿಟ್ಟು, ಸುರಕ್ಷತೆಯ ಎಚ್ಚರ, ಜನರನ್ನು ನಡೆಸಿಕೊಳ್ಳುವ ರೀತಿ, ಎಲ್ಲವೂ ಒಟ್ಟಿಗೆ ಬಂದಾಗ ಯಾವುದು ಮೊದಲು ಎಂಬ ತಿಳಿವಳಿಕೆ. ಮೊದಲನೆಯದಕ್ಕೆ ನಾವು ಕೇಳುವ ಪ್ರಶ್ನೆ ಇದು: ‘ಲಾರಿ ಹೊರಡಲು ಹತ್ತು ನಿಮಿಷ ಇದೆ. ಇನ್‌ವಾಯ್ಸ್‌ನಲ್ಲಿ 240 ಪೆಟ್ಟಿಗೆ ಅಂತಿದೆ, ಎಣಿಸಿದರೆ 236. ಡ್ರೈವರ್ ಅವಸರ ಮಾಡುತ್ತಿದ್ದಾನೆ. ಏನು ಮಾಡುತ್ತೀರಿ?’

ಯಾವ ಉತ್ತರಕ್ಕೆ ಎಷ್ಟು ಅಂಕ ಅನ್ನುವುದನ್ನು ಮೊದಲ ಅಭ್ಯರ್ಥಿ ಒಳಗೆ ಬರುವ ಮುಂಚೆಯೇ ಬರೆದಿಡಬೇಕು. ‘ಕಳಿಸಿಬಿಡುತ್ತೇನೆ, ಆಮೇಲೆ ನೋಡೋಣ’ ಅಂದರೆ 1. ‘ಲಾರಿ ನಿಲ್ಲಿಸಿ ಮತ್ತೆ ಎಣಿಸುತ್ತೇನೆ, ಮೇಲಿನವರಿಗೆ ತಿಳಿಸುತ್ತೇನೆ’ ಅಂದರೆ 3. ಮರು ಎಣಿಕೆಯನ್ನು ಬೇರೆಯವರಿಂದ ಮಾಡಿಸಿ, ಆ ನಾಲ್ಕು ಪೆಟ್ಟಿಗೆ ಪಕ್ಕದ ಲೋಡ್‌ಗೆ ಸೇರಿತೇ ಎಂದು ಹುಡುಕಿ, ಸಿಗದಿದ್ದರೆ ದಾಖಲೆಯನ್ನು 236ಕ್ಕೆ ಸರಿಪಡಿಸಿ, ಗ್ರಾಹಕರಿಗೆ ಮೊದಲೇ ಹೇಳಿ ಲಾರಿ ಬಿಡುತ್ತೇನೆ ಅಂದರೆ 5. ಉತ್ತರ ಅರ್ಧಕ್ಕೆ ನಿಂತರೆ ‘ಆಮೇಲೆ?’, ‘ಯಾರಿಗೆ ತಿಳಿಸುತ್ತೀರಿ?’ ಅಂತ ಕೇಳಬಹುದು. ಆ ಕೊಂಡಿ ಪ್ರಶ್ನೆಗಳೂ ಎಲ್ಲರಿಗೂ ಒಂದೇ ಇರಲಿ.

ಈಗ ಇಬ್ಬರು ಬಂದರು ಅಂದುಕೊಳ್ಳಿ. ಮೊದಲನೆಯವರು ಬೆಂಗಳೂರಿನ ಕಾಲೇಜಿನಲ್ಲಿ ಓದಿದವರು, ಇಂಗ್ಲಿಷ್ ಸರಾಗ, ಮಾತು ಹಿತ. ಎರಡನೆಯವರು ಆರು ವರ್ಷ ಲೋಡಿಂಗ್‌ನಲ್ಲಿ ದುಡಿದವರು, ಕೂತ ತಕ್ಷಣ ಬೆವರಿದರು, ಮಾತು ತಡೆದು ತಡೆದು ಬಂತು. ಸುಮ್ಮನೆ ಹರಟಿದ್ದರೆ ಮೊದಲನೆಯವರು ಆಯ್ಕೆಯಾಗುತ್ತಿದ್ದರು. ಹಾಳೆಯ ಮೇಲೆ ಮೊದಲನೆಯವರಿಗೆ 2, 3, 4, 3, ಒಟ್ಟು 12. ಎರಡನೆಯವರಿಗೆ 5, 4, 3, 4, ಒಟ್ಟು 16. ಜನರನ್ನು ನಡೆಸಿಕೊಳ್ಳುವುದರಲ್ಲಿ ಮೊದಲನೆಯವರೇ ಮೇಲು, ಅದನ್ನೂ ಹಾಳೆ ಮುಚ್ಚಿಡಲಿಲ್ಲ. ಒಂದು ಗುಣ ಹಿಡಿಸಿದರೆ ಉಳಿದ ಗುಣಗಳಿಗೂ ಅದೇ ಬಣ್ಣ ಬಳಿಯುವ ಅಭ್ಯಾಸವನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಸೇನಾಧಿಕಾರಿಗಳು ಕೊಟ್ಟ ಅಂಕಗಳಲ್ಲಿ ಗುರುತಿಸಿದ್ದರು. ಗುಣಗಳನ್ನು ಬಿಡಿಸಿ ತೂಗಿದಾಗ ಮಾತ್ರ ಅದರಿಂದ ಸ್ವಲ್ಪವಾದರೂ ತಪ್ಪಿಸಿಕೊಳ್ಳಬಹುದು.

ಪ್ಯಾನೆಲ್‌ನಲ್ಲಿ ಮೂವರಿದ್ದರೆ ಅಭ್ಯರ್ಥಿ ಹೊರಗೆ ಹೋದ ಕೂಡಲೇ ಮೂವರೂ ಮಾತಾಡದೆ ಅಂಕ ಬರೆಯಬೇಕು. ಆಮೇಲೆ ಹಾಳೆ ಪಕ್ಕ ಪಕ್ಕ ಇಟ್ಟು, ಎರಡು ಅಥವಾ ಅದಕ್ಕಿಂತ ಹೆಚ್ಚು ಅಂತರ ಇರುವಲ್ಲಿ ಮಾತ್ರ ಚರ್ಚೆ. ಮೊದಲು ಕಿರಿಯರು ಮಾತಾಡಲಿ. ಸುರಕ್ಷತೆಗೆ ಒಬ್ಬರು 4, ಇನ್ನೊಬ್ಬರು 2 ಕೊಟ್ಟಿದ್ದರೆ ಅಭ್ಯರ್ಥಿ ಆಡಿದ ಮಾತೇನು ಅಂತ ಟಿಪ್ಪಣಿ ತೆಗೆದು ನೋಡಿ. ‘ಆತ್ಮವಿಶ್ವಾಸ ಕಡಿಮೆ’ ಎಂಬ ಟಿಪ್ಪಣಿ ಯಾವ ಕೆಲಸಕ್ಕೂ ಬಾರದು. ‘ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುವಾಗ ಒಬ್ಬ ನಿಂತು ಕೈ ತೋರಿಸಬೇಕು ಅಂದರು’ ಎಂಬುದು ಕೆಲಸಕ್ಕೆ ಬರುತ್ತದೆ. ಕ್ರಮ ಹಳಿ ತಪ್ಪಿದ್ದು ಎರಡು ಗುರುತಿನಿಂದ ನನಗೆ ಗೊತ್ತಾಗುತ್ತದೆ: ಬಂದವರಿಗೆಲ್ಲ ನಾಲ್ಕು ಗುಣಕ್ಕೂ ಒಂದೇ ಅಂಕ ಬೀಳುತ್ತಿದ್ದರೆ, ಅಥವಾ ಮೂವರ ಹಾಳೆಗಳೂ ಸದಾ ಒಂದೇ ಇದ್ದರೆ. ಮೊದಲನೆಯದರಲ್ಲಿ ಗುಣಗಳು ಬೇರೆಯಾಗಿಲ್ಲ, ಎರಡನೆಯದರಲ್ಲಿ ನೀವು ಮೊದಲೇ ಮಾತಾಡಿಕೊಂಡಿದ್ದೀರಿ.

ಅವಮಾನದ ಮಾತಿಗೆ ಬಂದರೆ, ಬಂದವರಿಗೆ ಮೊದಲೇ ಹೇಳಿಬಿಡಿ: ‘ನಲವತ್ತೈದು ನಿಮಿಷ ಇದೆ, ಎಲ್ಲರಿಗೂ ಇವೇ ನಾಲ್ಕು ಪ್ರಶ್ನೆ, ಬರೆದುಕೊಳ್ಳುತ್ತಿರುತ್ತೇನೆ, ಕೊನೆಯ ಹತ್ತು ನಿಮಿಷ ನೀವು ಕೇಳಬಹುದು. ಕನ್ನಡದಲ್ಲೇ ಹೇಳಿ, ಪರವಾಗಿಲ್ಲ.’ ಈ ಹುದ್ದೆಯ ಕೆಲಸ ನಡೆಯುವುದು ಕನ್ನಡದಲ್ಲಿ, ಸ್ವಲ್ಪ ಹಿಂದಿಯಲ್ಲಿ. ಇಂಗ್ಲಿಷ್‌ನಲ್ಲಿ ಉತ್ತರಿಸಿ ಎಂದು ಒತ್ತಾಯಿಸಿದರೆ ನಾವು ಅಳೆಯುವುದು ಈ ಕೆಲಸಕ್ಕೆ ಬೇಡದ ಗುಣವನ್ನು.

ನಂಬಿಕೆ: ಊರು, ಮನೆ, ಮದುವೆ ವಿಚಾರಿಸುವುದು ಆತ್ಮೀಯತೆ

ನಮ್ಮ ಕಡೆ ಮಾತು ಶುರುವಾಗುವುದೇ ‘ಯಾವ ಊರು?’ ಅಂತ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಅದು ಪ್ರೀತಿ. ಸಂದರ್ಶನದ ಮೇಜಿನಲ್ಲಿ ಹಾಗಲ್ಲ. ಯಾವ ಊರು, ಊರಿನಲ್ಲಿ ಎಲ್ಲಿ, ಮನೆಮಾತು ಯಾವುದು, ತಂದೆಯವರು ಏನು ಮಾಡುತ್ತಾರೆ ಎಂದು ಸಾಗಿದ ಮಾತು ಎಲ್ಲಿಗೆ ಮುಟ್ಟುತ್ತದೆ ಎಂದು ಎದುರಿಗೆ ಕೂತವರಿಗೆ ಚೆನ್ನಾಗಿ ಗೊತ್ತು. ಜಾತಿಯನ್ನು ಕೇಳದೆ ಜಾತಿ ತಿಳಿದುಕೊಳ್ಳುವ ದಾರಿ ಅದು. ನಿಮ್ಮ ಉದ್ದೇಶ ಅದಲ್ಲದಿದ್ದರೂ ಅವರು ಅದನ್ನು ಹಾಗೆಯೇ ಕೇಳಿಸಿಕೊಳ್ಳುತ್ತಾರೆ, ಮತ್ತು ಹಾಗೆ ಕೇಳಿಸಿಕೊಳ್ಳಲು ಅವರಿಗೆ ಕಾರಣಗಳಿವೆ.

ಮದುವೆ, ಮಕ್ಕಳ ಪ್ರಶ್ನೆ ಹೆಣ್ಣುಮಕ್ಕಳಿಗೇ ಹೆಚ್ಚು ಬರುತ್ತದೆ. ಎಲ್‌ಐಸಿಗೆ ಸೇರುವಾಗ ತುಂಬಬೇಕಿದ್ದ ಅರ್ಜಿಯಲ್ಲಿ ಮುಟ್ಟಿನ ವಿವರ, ಎಷ್ಟು ಸಲ ಗರ್ಭ ಧರಿಸಿದ್ದೀರಿ ಎಂಬ ಪ್ರಶ್ನೆಗಳಿದ್ದವು. ಸುಳ್ಳು ಮಾಹಿತಿ ಕೊಟ್ಟರೆಂದು ಪ್ರೊಬೇಷನ್‌ನಲ್ಲಿದ್ದ ನೀರಾ ಮಾಥುರ್ ಅವರನ್ನು ಕೆಲಸದಿಂದ ತೆಗೆದರು. ಸುಪ್ರೀಂ ಕೋರ್ಟ್ 1991ರಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿ, ಹೆಣ್ಣಿನ ಸಂಕೋಚ ಮತ್ತು ಸ್ವಾಭಿಮಾನಕ್ಕೆ ಧಕ್ಕೆ ತರುವ ಆ ಕಾಲಂಗಳನ್ನೇ ಅರ್ಜಿಯಿಂದ ಅಳಿಸಿ ಎಂದಿತು. ಅಷ್ಟು ಒರಟಾಗಿ ಇವತ್ತು ಯಾರೂ ಕೇಳಲಿಕ್ಕಿಲ್ಲ. ‘ಮುಂದಿನ ಪ್ಲಾನ್ ಏನಮ್ಮಾ?’ ಅನ್ನುವ ನಯವಾದ ಪ್ರಶ್ನೆಯೂ ಹುಡುಕುವುದು ಅದನ್ನೇ.

ನಿಮಗೆ ನಿಜವಾಗಿ ಬೇಕಾದದ್ದು ರಾತ್ರಿ ಪಾಳಿಗೆ ಬರಬಲ್ಲರೇ ಎಂಬುದು ತಾನೇ? ಹಾಗಾದರೆ ಗಂಡು, ಹೆಣ್ಣು ಎಲ್ಲರನ್ನೂ ಅದನ್ನೇ ಕೇಳಿ: ‘ತಿಂಗಳಲ್ಲಿ ಒಂದು ವಾರ ರಾತ್ರಿ ಪಾಳಿ ಇರುತ್ತದೆ, ಕಂಪನಿಯ ವ್ಯಾನ್ ಮನೆ ತನಕ ಬರುತ್ತದೆ. ನಿಮಗೆ ಸಾಧ್ಯವಾ?’ ಉತ್ತರ ‘ಆಗುತ್ತದೆ’ ಅಂದರೆ ಆಯಿತು, ಹೇಗೆ ಅಂತ ಕೆದಕಬೇಡಿ. ಆತ್ಮೀಯತೆ ತೋರಿಸಬೇಕೆಂದರೆ ನೀರು ಕೊಡಿ, ಹೇಳಿದ ಸಮಯಕ್ಕೆ ಒಳಗೆ ಕರೆಯಿರಿ, ಮಾತಾಡುವಾಗ ಫೋನ್ ಕೆಳಗಿಡಿ.

ನಂಬಿಕೆ: ಸ್ವಲ್ಪ ಕೆಣಕಿದರೆ ನಿಜಬಣ್ಣ ಬಯಲಾಗುತ್ತದೆ

ಬಯಲಾಗುವುದು ಅಧಿಕಾರ ಇರುವವರ ಎದುರು ಮಾತಾಡಲು ಯಾರಿಗೆ ಅಭ್ಯಾಸ ಇದೆ, ಯಾರಿಗೆ ಇಲ್ಲ ಅನ್ನುವುದು ಮಾತ್ರ. ಒತ್ತಡ ನಿಭಾಯಿಸುವುದನ್ನು ನೋಡಬೇಕಿದ್ದರೆ ಅರ್ಧ ಗಂಟೆ ಫ್ಲೋರ್‌ಗೆ ಕರೆದುಕೊಂಡು ಹೋಗಿ, ಒಂದು ಪ್ಯಾಲೆಟ್ ತೋರಿಸಿ, ಪಟ್ಟಿ ಕೊಟ್ಟು ಎಣಿಸಿ ತಾಳೆ ನೋಡಲು ಹೇಳಿ. ಎಲ್ಲರಿಗೂ ಅದೇ ಪ್ಯಾಲೆಟ್, ಅದೇ ಸಮಯ. ಸಂದರ್ಶನ ಒಂದರಿಂದಲೇ ತೀರ್ಮಾನ ಮಾಡಬಾರದೆಂದು ನಾನು ಹೇಳುವುದು ಇದಕ್ಕೇ.

ನಂಬಿಕೆ: ಆಯ್ಕೆಯಾಗದವರಿಗೆ ಏನೂ ಹೇಳದಿರುವುದೇ ಕ್ಷೇಮ

ಮೌನದಿಂದ ನಮಗೆ ಕ್ಷೇಮ, ಅವರಿಗೆ ನಷ್ಟ. ನಮ್ಮ ಫೋನಿಗಾಗಿ ಕಾಯುತ್ತ ಇನ್ನೊಂದು ಕೆಲಸ ಬಿಡುವವರಿದ್ದಾರೆ. ಆದ್ದರಿಂದ ಒಂದು ವಾರದೊಳಗೆ ಫೋನ್ ಮಾಡಿ. ಕಾರಣ ಕೇಳಿದರೆ ಹಾಳೆಯಲ್ಲಿ ಇರುವುದನ್ನಷ್ಟೇ ಹೇಳಿ: ‘ಎಣಿಕೆ ತಪ್ಪಿದಾಗ ಲಾರಿ ಬಿಡುತ್ತೇನೆ ಅಂದಿರಿ, ನಮ್ಮಲ್ಲಿ ನಿಲ್ಲಿಸುವ ಪದ್ಧತಿ. ಅಲ್ಲಿ ಅಂಕ ಕಡಿಮೆ ಬಂತು.’ ಬೇರೆ ಅಭ್ಯರ್ಥಿಗಳ ವಿಚಾರ ಎತ್ತಬೇಡಿ, ಮುಂದೆ ಕರೆಯುತ್ತೇವೆ ಎಂದು ಸುಳ್ಳು ಭರವಸೆ ಕೊಡಬೇಡಿ. ಹೇಳಲು ಹೊರಟಾಗ ಹಾಳೆಯಲ್ಲಿ ಹೇಳುವಂಥ ಕಾರಣವೇ ಸಿಗದಿದ್ದರೆ, ಫೋನ್ ಮಾಡುವ ಮೊದಲು ನನ್ನ ಹತ್ತಿರ ಬನ್ನಿ, ಆ ಆಯ್ಕೆಯನ್ನು ಮತ್ತೊಮ್ಮೆ ಕೂತು ನೋಡೋಣ.