‘ಕೂದಲು ಮುಟ್ಟಬೇಡ’ ಎಂದು ಬರೆದರೆ ಫೋಟೊದಲ್ಲಿ ಕೂದಲು ಹಾಗೇ ಉಳಿಯುತ್ತದೆಯೇ?

ಈ ಪ್ರಾಂಪ್ಟ್ ಕಾಪಿ ಮಾಡಿ ಹಾಕಿ, ಒಂದು ಕೂದಲೂ ಅಲುಗದೆ ಹಿನ್ನೆಲೆ ಬದಲಾಗುತ್ತದೆ ಎಂಬಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಅಂಥ ಪ್ರಾಂಪ್ಟ್‌ನ ಕೊನೆಯಲ್ಲಿ do not change hair ಎಂಬ ಸಾಲು ಸಾಮಾನ್ಯ. ಆ ಸಾಲು ಕೂದಲನ್ನು ಕಾಯುತ್ತದೆಯೇ? ಖಾತರಿಯಿಲ್ಲ. ಇನ್‌ಪೇಂಟಿಂಗ್‌ನಲ್ಲಿ ಕಾಯುವುದು ಪ್ರಾಂಪ್ಟ್ ಅಲ್ಲ, ಮಾಸ್ಕ್.

ಫೋಟೊದ ಯಾವ ಭಾಗ ಬದಲಾಗಬೇಕು, ಯಾವುದು ಉಳಿಯಬೇಕು ಎಂದು ಗುರುತು ಹಾಕುವ ಪದರವೇ ಮಾಸ್ಕ್. ಸಾಮಾನ್ಯವಾಗಿ ಬಿಳಿ ಬಳಿದ ಜಾಗ ಬದಲಾಗುತ್ತದೆ, ಕಪ್ಪು ಉಳಿಯುತ್ತದೆ. ಬಿಳಿ ಜಾಗದಲ್ಲಿ ಏನು ಬರಬೇಕು ಎಂದು ಹೇಳುವುದಷ್ಟೇ ಪ್ರಾಂಪ್ಟ್‌ನ ಕೆಲಸ.

ಹುಣಸೂರಿನ ಒಂದು ಮನೆಯ ನೀಲಿ ಗೋಡೆಯ ಮುಂದೆ ನಿಂತು ತೆಗೆದ ಫೋಟೊ ಇದೆ ಎಂದುಕೊಳ್ಳಿ. ಹಿಂದೆ ಕೆ.ಆರ್. ನಗರದ ಕಡೆಯ ಚುಂಚನಕಟ್ಟೆ ಜಲಪಾತ ಬೇಕು. ಆಗ ಪ್ರಾಂಪ್ಟ್‌ನಲ್ಲಿ ವ್ಯಕ್ತಿಯ ಮಾತೇ ಬೇಡ:

```
wide waterfall over dark rocks, overcast light, slightly out of focus
```

ಇಲ್ಲಿ hair ಎಂದು ಬರೆದರೆ, ‘ಬೇಡ’ ಎಂಬುದನ್ನು ಬಿಟ್ಟು ಆ ಪದವನ್ನಷ್ಟೇ ಹಿಡಿದುಕೊಂಡು ನೀರಿನ ಮೇಲೆ ಕೂದಲಿನಂಥ ಗೆರೆ ಬಿಡಿಸುವ ಮಾದರಿಗಳೂ ಇವೆ. ಬೆಳಕಿನ ಬಗ್ಗೆ ಬರೆಯುವುದು ಮಾತ್ರ ಮುಖ್ಯ. ಮೋಡದ ಬೆಳಕಲ್ಲಿ ತೆಗೆದ ಮುಖದ ಹಿಂದೆ ಬಿಸಿಲಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ.

ನಿಜವಾದ ತೊಡಕು ಕೂದಲಿನ ಅಂಚಿನದು. 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಚಿತ್ರವನ್ನು ಕುಗ್ಗಿಸಿಕೊಂಡು ಕೆಲಸ ಮಾಡುತ್ತದೆ. ಅಗಲ 8, ಎತ್ತರ 8 ಪಿಕ್ಸೆಲ್‌ಗಳ ಚೌಕ ಅದಕ್ಕೆ ಒಂದೇ ಮನೆ. ಹಾರಾಡುವ ಕೂದಲೆಳೆಯೋ ಒಂದೆರಡು ಪಿಕ್ಸೆಲ್ ದಪ್ಪ. ಮಾಸ್ಕ್ ಕೂದಲಿನ ಒಳಗೆ ನುಗ್ಗಿದರೆ ಎಳೆಗಳನ್ನು ಅದು ಹೊಸದಾಗಿ ಬಿಡಿಸುತ್ತದೆ. ಹೊರಗೇ ನಿಂತರೆ ತಲೆಯ ಸುತ್ತ ನೀಲಿ ಗೋಡೆಯ ಪಟ್ಟಿ ಉಳಿಯುತ್ತದೆ.

ಹಾಗಾಗಿ ನಾವು ಹೇಳುವ ದಾರಿ ಬೇರೆ. ಮೊದಲು ಮ್ಯಾಟಿಂಗ್ ಮಾಡುವ ಟೂಲ್‌ನಲ್ಲಿ ವ್ಯಕ್ತಿಯನ್ನು ಬೇರ್ಪಡಿಸಿ. ಅದು ಪ್ರತಿ ಪಿಕ್ಸೆಲ್‌ನಲ್ಲಿ ಕೂದಲೆಷ್ಟು, ಗೋಡೆಯೆಷ್ಟು ಎಂದು ಅಂದಾಜಿಸಿ, ಎಳೆಗಳನ್ನು ಅರೆಪಾರದರ್ಶಕವಾಗಿ ಉಳಿಸುತ್ತದೆ. ಹಿನ್ನೆಲೆಯನ್ನು ಪ್ರತ್ಯೇಕವಾಗಿ ಮಾಡಿಸಿ, ಅದರ ಮೇಲೆ ಮೂಲ ಫೋಟೊದ ವ್ಯಕ್ತಿಯನ್ನೇ ಕೂರಿಸಿ. ಎಳೆಗಳಲ್ಲಿ ನೀಲಿ ಛಾಯೆ ಉಳಿದಿದ್ದರೆ ಅಂಚಿನಲ್ಲಷ್ಟೇ ಬಣ್ಣ ತೆಗೆಯಬೇಕು. ಫೋಟೊ ತೆಗೆಯುವಾಗಲೇ ತಿಳಿ ಬೂದು ಗೋಡೆ ಆರಿಸಿಕೊಂಡರೆ ಈ ತಾಪತ್ರಯ ಕಡಿಮೆ, ಏಕೆಂದರೆ ಬಿಳಿ ನೀರಿನ ಮುಂದೆ ಬೂದು ಛಾಯೆ ಕಾಣುವುದಿಲ್ಲ.

ಚಾಟ್‌ನಲ್ಲಿ ಫೋಟೊ ಹಾಕಿ ಹೇಳಿದರೆ ಬದಲಿಸಿಕೊಡುವ ಆ್ಯಪ್‌ಗಳಲ್ಲಿ ಹಲವು, ಮಾಸ್ಕ್ ಇಲ್ಲದೆ ಇಡೀ ಚಿತ್ರವನ್ನೇ ಮತ್ತೆ ಬಿಡಿಸುತ್ತವೆ. ಕೂದಲಿರಲಿ, ಮುಖವೂ ಚೂರು ಬದಲಾಗಿರುತ್ತದೆ. ಹಳೆಯ ಮತ್ತು ಹೊಸ ಫೋಟೊಗಳನ್ನು ಗ್ಯಾಲರಿಯಲ್ಲಿ ಹಿಂದೆ ಮುಂದೆ ಸರಿಸಿ ನೋಡಿ. ಕಣ್ಣು, ಕಿವಿಯೋಲೆ ಕದಲಿದಂತೆ ಕಂಡರೆ ಅದು ಮರುಚಿತ್ರ.

ಎಚ್.ಡಿ. ಕೋಟೆಯ ರಸ್ತೆಯಲ್ಲಿ ಚಿರತೆ ಎಂಬ ಫಾರ್ವರ್ಡ್ ಬಂದಾಗಲೂ ಇದೇ ಅಂಚು ನೋಡಿ. ಮೀಸೆಯ ಕೂದಲು ಅರ್ಧಕ್ಕೇ ಕಡಿದಿದೆಯೇ, ಮೈಸುತ್ತ ಬೇರೆ ಬಣ್ಣದ ಗೆರೆ ಇದೆಯೇ, ಕಾಲಡಿ ನೆರಳಿದೆಯೇ ಎಂದು ಜೂಮ್ ಮಾಡಿ. ಆದರೆ ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುವುದರಿಂದ ನಿಜವಾದ ಚಿತ್ರದ ಅಂಚೂ ಮಸುಕಾಗಿರಬಹುದು. ಮಸುಕು ಒಂದನ್ನೇ ಹಿಡಿದು ನಕಲಿ ಎನ್ನಲಾಗದು.